ಬೆಳೆ ವಿಮೆ ಮಾಡಿಸೋಣ ಬರ್ರಿ

ಸ್ಲೈಡ್ 1
ಚಿತ್ರ: ಇಂಡಿ ಕಡೆಯ ಎರಿ ಹೊಲ. ಮೊಣಕಾಲೆತ್ತರದ ತೊಗರಿ, ಬುಡದಲ್ಲಿ ನಿಂತ ನೀರು.
ಬಿತ್ತುವುದು ನಮ್ಮ ಕೈಯಲ್ಲಿದೆ. ಮಳೆ ನಮ್ಮ ಕೈಯಲ್ಲಿಲ್ಲ.

ಸ್ಲೈಡ್ 2
ಚಿತ್ರ: ಒಂದು ಕಡೆ ನೂರರ ನಾಲ್ಕು ನೋಟು, ಇನ್ನೊಂದು ಕಡೆ ತುಂಬಿದ ತೊಗರಿ ಚೀಲ.
ಮುಂಗಾರು ಧಾನ್ಯ, ಬೇಳೆ, ಎಣ್ಣೆಕಾಳಿಗೆ ನಮ್ಮ ಪಾಲಿನ ಕಂತು ಹೆಚ್ಚೆಂದರೆ ವಿಮೆ ಮೊತ್ತದ 2%. ಹಿಂಗಾರಿಗೆ 1.5%.
ವಿಮೆ ಮೊತ್ತ ₹20,000 ಅಂತ ಹಿಡಿಯಿರಿ. ನೀವು ಕಟ್ಟುವುದು ₹400. ಉಳಿದ ಕಂತು ಸರ್ಕಾರ ಕಟ್ಟುತ್ತದೆ.

ಸ್ಲೈಡ್ 3
ಚಿತ್ರ: ಬಟ್ಟೆ ಚೀಲದಿಂದ ಇಣುಕುವ ಕಾಗದಗಳು.
ಆಧಾರ್. ಪಹಣಿ. ಪಾಸ್‌ಬುಕ್. ಎಫ್‌ಐಡಿ ನಂಬರ್.
ಬ್ಯಾಂಕ್ ಅಥವಾ ಗ್ರಾಮ ಒನ್‌ಗೆ ಹೋಗಿ. ರಸೀದಿ ಇಸ್ಕೊಳ್ಳದೆ ಎದ್ದು ಬರಬೇಡಿ.

ಸ್ಲೈಡ್ 4 (ಇಲ್ಲಿ ಸ್ವಲ್ಪ ನಿಂತು, ಎರಡು ಸಲ ಓದಿ ಹೇಳಿ)
ಚಿತ್ರ: ರಸೀದಿಯಲ್ಲಿ "ತೊಗರಿ". ಹೊಲದಲ್ಲಿ ಮೆಕ್ಕೆಜೋಳ. ಮೇಲೆ ಕೆಂಪು ಗೀಟು.
ಬಿತ್ತಿದ್ದನ್ನೇ ಬರೆಸಿ. ಬೆಳೆ ಸಮೀಕ್ಷೆಯಲ್ಲೂ ಅದೇ ಇರಬೇಕು. ಇಲ್ಲಾಂದ್ರೆ ಪರಿಹಾರ ಸಿಗುವುದು ಕಷ್ಟ. ಸರ್ವೆ ನಂಬರ್ ಕೂಡ ಅಲ್ಲೇ ನಿಂತು ನೋಡಿಕೊಳ್ಳಿ. ಕಣ್ಣು ಮಂಜಾಗಿದ್ದರೆ ಮಕ್ಕಳನ್ನು ಕರ್ಕೊಂಡು ಹೋಗಿ.

ಸ್ಲೈಡ್ 5
ಚಿತ್ರ: ಬದುವಿನ ಮೇಲೆ ನಿಂತು ಫೋನ್ ಮಾಡುತ್ತಿರುವ ರೈತ ಮಹಿಳೆ. ಪಕ್ಕದಲ್ಲಿ ಮೂರು ಸೂರ್ಯ.
ಆಲಿಕಲ್ಲು ಬಿತ್ತಾ? ಹೊಲದಲ್ಲಿ ನೀರು ನಿಂತಿತಾ?
72 ಗಂಟೆಯೊಳಗೆ ತಿಳಿಸಿ: 14447
ಕೊಯ್ದು ಒಣಗಲು ಹರವಿದ ಬೆಳೆ ಅಕಾಲ ಮಳೆಗೆ ತೊಯ್ದರೂ 72 ಗಂಟೆಯೊಳಗೇ ತಿಳಿಸಿ. ಕೊಯ್ದ 14 ದಿನದೊಳಗೆ ಆದ ಹಾನಿಗೆ ವಿಮೆ ಇದೆ.

ಸ್ಲೈಡ್ 6
ಚಿತ್ರ: ನಮ್ಮ ಸಂಘದ ಕಟ್ಟೆ, ಮೇಜು, ಎರಡು ಕುರ್ಚಿ.
ಸಾಲ ಇಲ್ಲದವರೂ, ಗುತ್ತಿಗೆಗೆ ಹೊಲ ಮಾಡುವವರೂ ಬರ್ರಿ. ಒಂದೊಂದು ಬೆಳೆಗೆ ಒಂದೊಂದು ಕೊನೆ ದಿನ. ಪಟ್ಟಿ ಬಾಗಿಲಿಗೆ ಅಂಟಿಸಿದ್ದೇವೆ. ಸೋಮವಾರ ಬೆಳಗ್ಗೆ 10ಕ್ಕೆ ಕಾಗದ ತನ್ನಿ, ಕೂತು ನೋಡೋಣ.