ನಿರ್ಬಂಧಿತ ಖಾತೆಯಲ್ಲಿನ ಪ್ರಮಾಣಪತ್ರಗಳನ್ನು ಮರಳಿ ಒದಗಿಸಲು ಮನವಿ

ಧಾರವಾಡ
12 ಮೇ 2025

ಕುಂದುಕೊರತೆ ಅಧಿಕಾರಿಗಳಿಗೆ,

ಮಾನ್ಯರೇ,

ನಾನು 2022ರಿಂದ ನಿಮ್ಮ ಜಾಲತಾಣದಲ್ಲಿ ಶುಲ್ಕ ಪಾವತಿಸಿ ಕಲಿಯುತ್ತ ಬಂದಿದ್ದೇನೆ. ಇದೇ ಮೇ 5ರಂದು ನನ್ನ ಖಾತೆಯನ್ನು ಶಾಶ್ವತವಾಗಿ ನಿರ್ಬಂಧಿಸಲಾಗಿದೆ ಎಂಬ ಇಮೇಲ್ ಬಂದಿತು. ಒಬ್ಬರೇ ಒಂದಕ್ಕಿಂತ ಹೆಚ್ಚು ಖಾತೆಗಳನ್ನು ಬಳಸಿದ್ದಾರೆ ಎಂಬ ಒಂದು ಸಾಲಿನ ಹೊರತು ಅದರಲ್ಲಿ ಯಾವ ವಿವರವೂ ಇಲ್ಲ. ಅರ್ಧಕ್ಕೆ ನಿಂತಿರುವ ಎಸ್‌ಕ್ಯೂಎಲ್ ಕೋರ್ಸಿನ ಜೊತೆಗೆ, ಸಂಖ್ಯಾಶಾಸ್ತ್ರ, ಪೈಥಾನ್ ಮತ್ತು ಡೇಟಾ ವಿಶ್ಲೇಷಣೆ ಕೋರ್ಸುಗಳನ್ನು ಮುಗಿಸಿ ಪಡೆದ ಪ್ರಮಾಣಪತ್ರಗಳ ಪರಿಶೀಲನಾ ಪುಟಗಳೂ ಅಂದಿನಿಂದ ತೆರೆಯುತ್ತಿಲ್ಲ.

ಆ ಇನ್ನೊಂದು ಖಾತೆ ನನ್ನ ತಮ್ಮನದು. ನಮ್ಮ ಮನೆಯಲ್ಲಿರುವುದು ಒಂದೇ ಲ್ಯಾಪ್‌ಟಾಪ್. ಇಂಟರ್ನೆಟ್ ಸಿಗುವುದು ಮೊಬೈಲ್ ಹಾಟ್‌ಸ್ಪಾಟ್‌ನಿಂದ. ಮೊಬೈಲ್ ಕಂಪನಿಗಳು ಸಾಮಾನ್ಯವಾಗಿ ಅನೇಕ ಗ್ರಾಹಕರನ್ನು ಒಂದೇ ಸಾರ್ವಜನಿಕ ಐಪಿ ವಿಳಾಸದ ಹಿಂದೆ ಇರಿಸುವುದರಿಂದ, ಐಪಿ ವಿಳಾಸ ಒಂದೇ ಆದಮಾತ್ರಕ್ಕೆ ಬಳಸಿದವರೂ ಒಬ್ಬರೇ ಎಂದು ತೀರ್ಮಾನಿಸಲಾಗದು. ಅವನು ಕಲಿಯುತ್ತಿರುವುದು ಅಕೌಂಟಿಂಗ್. ನಮ್ಮಿಬ್ಬರ ಕೋರ್ಸುಗಳಲ್ಲಿ ಒಂದೂ ಸಮಾನವಾಗಿಲ್ಲ, ಆದ್ದರಿಂದ ಉತ್ತರಗಳನ್ನು ಹಂಚಿಕೊಳ್ಳುವ ಪ್ರಶ್ನೆಯೇ ಬರುವುದಿಲ್ಲ. ಇಬ್ಬರ ಗುರುತಿನ ಚೀಟಿಗಳ ಪ್ರತಿ, ಬೇರೆ ಬೇರೆ ಬ್ಯಾಂಕ್ ಖಾತೆಗಳಿಂದ ಹಣ ಪಾವತಿಸಿದ ರಸೀದಿಗಳು ಮತ್ತು ತಮ್ಮನ ಒಪ್ಪಿಗೆ ಪತ್ರವನ್ನು ಲಗತ್ತಿಸಿದ್ದೇನೆ.

ನನಗೆ ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿದ್ದು, ಮೇ 26ರೊಳಗೆ ದಾಖಲೆಗಳ ಪರಿಶೀಲನೆ ಮುಗಿಯಬೇಕಾಗಿದೆ. ಪ್ರಮಾಣಪತ್ರಗಳ ಪಿಡಿಎಫ್ ನನ್ನ ಬಳಿ ಇದೆ. ಆದರೆ ಅದರ ಮೇಲಿನ ಕೊಂಡಿಯನ್ನು ಒತ್ತಿದವರಿಗೆ ಪುಟವೇ ಸಿಗದಿದ್ದರೆ ಅವರು ಅನುಮಾನಿಸುವುದು ನಿಮ್ಮ ವ್ಯವಸ್ಥೆಯನ್ನಲ್ಲ, ನನ್ನ ಪ್ರಾಮಾಣಿಕತೆಯನ್ನು. ಕೆಲಸ ಮುಗಿಸಿಬಂದು ರಾತ್ರಿ ಕುಳಿತು ಕಲಿತದ್ದಕ್ಕೆ ನಕಲಿಯ ಶಂಕೆ ಅಂಟುವುದು ನನಗೆ ಖಾತೆ ಕಳೆದುಕೊಂಡದ್ದಕ್ಕಿಂತ ಹೆಚ್ಚಿನ ನೋವು ತಂದಿದೆ.

ಆದ್ದರಿಂದ ಖಾತೆಯ ವಿಚಾರಣೆ ಮತ್ತು ಪ್ರಮಾಣಪತ್ರಗಳನ್ನು ಬೇರೆ ಬೇರೆಯಾಗಿ ಪರಿಗಣಿಸಬೇಕೆಂದು ಕೋರುತ್ತೇನೆ. ಮೂರೂ ಪ್ರಮಾಣಪತ್ರಗಳು 2024ರ ಡಿಸೆಂಬರ್‌ಗೆ ಮುಂಚಿನವು. ನನ್ನ ತಮ್ಮ ಖಾತೆ ತೆರೆದದ್ದು ಈ ವರ್ಷದ ಫೆಬ್ರವರಿಯಲ್ಲಿ. ಹೀಗಿರುವಾಗ ವಿಚಾರಣೆ ಮುಗಿಯುವವರೆಗೂ ಅವುಗಳನ್ನು ತಡೆಹಿಡಿಯಲು ಕಾರಣವಿಲ್ಲ. ಪರಿಶೀಲನಾ ಪುಟಗಳನ್ನು ಕೂಡಲೇ ತೆರೆದುಕೊಡಿ. ಅದು ಸಾಧ್ಯವಾಗದಿದ್ದರೆ ಕೋರ್ಸುಗಳ ಹೆಸರು ಮತ್ತು ಮುಗಿಸಿದ ದಿನಾಂಕಗಳನ್ನು ದೃಢೀಕರಿಸುವ ಸಹಿಯುಳ್ಳ ಪತ್ರವನ್ನಾದರೂ ನೀಡಿ. ನಿರ್ಬಂಧದ ಆದೇಶವನ್ನು ನಿಮ್ಮ ಸಿಬ್ಬಂದಿಯೊಬ್ಬರು ಖುದ್ದಾಗಿ ಮರುಪರಿಶೀಲಿಸಲಿ. ಅದನ್ನು ಎತ್ತಿಹಿಡಿಯುವುದಾದರೆ ಆಧಾರಗಳನ್ನು ಲಿಖಿತವಾಗಿ ತಿಳಿಸಿ, ವಾರ್ಷಿಕ ಚಂದಾದಲ್ಲಿ ಉಳಿದ ಅವಧಿಯ ಹಣವನ್ನು ಹಿಂತಿರುಗಿಸಬೇಕು.

ಗ್ರಾಹಕ ಸಂರಕ್ಷಣೆ (ಇ-ಕಾಮರ್ಸ್) ನಿಯಮಗಳು, 2020ರ ಪ್ರಕಾರ ದೂರು ತಲುಪಿದ್ದನ್ನು 48 ಗಂಟೆಗಳೊಳಗೆ ದೃಢಪಡಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಉತ್ತರ ಬಾರದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸುತ್ತೇನೆ. ಅದಕ್ಕೆ ಮೊದಲೇ ನಿಮ್ಮಿಂದ ನ್ಯಾಯ ಸಿಗುವುದೆಂಬ ಭರವಸೆ ನನಗಿದೆ.

ಸಹಾಯ ಕೇಂದ್ರದ ಪುಟ ಲಾಗಿನ್ ಕೇಳುವುದರಿಂದ ಅಲ್ಲಿ ಬರುವ ಉತ್ತರ ನನಗೆ ಕಾಣುವುದಿಲ್ಲ. ದಯವಿಟ್ಟು ಈ ಪತ್ರ ಕಳುಹಿಸಿರುವ, ಖಾತೆಗೆ ನೋಂದಾಯಿಸಿದ ಇಮೇಲ್ ವಿಳಾಸಕ್ಕೇ ಉತ್ತರಿಸಿ.

ಇಂತಿ ತಮ್ಮ ವಿಶ್ವಾಸಿ,
ನಿರ್ಬಂಧಿತ ಖಾತೆಯ ವಿದ್ಯಾರ್ಥಿನಿ