ಮಾರ್ಚ್ 14, ಶನಿವಾರದ ಶಿಕ್ಷಕರ ತರಬೇತಿಗೆ ಸಭಾಂಗಣ ಕಾಯ್ದಿರಿಸುವ ಬಗ್ಗೆ: 50 ಜನ, ಅರ್ಧವೃತ್ತದ ಆಸನ ವ್ಯವಸ್ಥೆ

ಸಭಾಂಗಣದ ವ್ಯವಸ್ಥಾಪಕರಿಗೆ,

ನಮಸ್ಕಾರ. ಕಳೆದ ಗುರುವಾರ ನಿಮ್ಮ ಸಭಾಂಗಣವನ್ನು ನೋಡಿಕೊಂಡು ಹೋದವಳು ನಾನು. ಅಳತೆಪಟ್ಟಿ ಹಿಡಿದು ಓಡಾಡುತ್ತಿದ್ದ ನನಗೆ ನಿಮ್ಮ ಸಿಬ್ಬಂದಿ ಬೇಸರಪಡದೆ ಪ್ರತಿ ಬಾಗಿಲನ್ನೂ ತೆರೆದು ತೋರಿಸಿದರು. ಅವರಿಗೆ ನನ್ನ ಧನ್ಯವಾದ ತಿಳಿಸಿ.

2026ರ ಮಾರ್ಚ್ 14, ಶನಿವಾರ ಬೆಳಿಗ್ಗೆ 7.30ರಿಂದ ಸಂಜೆ 5.30ರವರೆಗೆ ನೆಲಮಹಡಿಯ ಸಭಾಂಗಣ ನಮಗೆ ಬೇಕು. ಪೂರ್ವಸಿದ್ಧತೆಗಾಗಿ ಹಿಂದಿನ ದಿನ, ಶುಕ್ರವಾರ ಸಂಜೆ 4ರಿಂದ 6ರವರೆಗೂ ಸಭಾಂಗಣ ದೊರೆಯಬೇಕು. ತರಬೇತಿ ನಡೆಯುವುದು 9.30ರಿಂದ 4.30ರವರೆಗೆ.

ಒಟ್ಟು 50 ಜನ. ಅವರಲ್ಲಿ ತರಬೇತಿ ಪಡೆಯುವ ಶಿಕ್ಷಕರು 42, ಸಂಪನ್ಮೂಲ ವ್ಯಕ್ತಿಗಳು 2, ಸನ್ನೆ ಭಾಷೆಯ ದುಭಾಷಿಗಳು 2, ಮಾತನ್ನು ಆಗಿಂದಾಗಲೇ ಬೆರಳಚ್ಚು ಮಾಡುವವರು ಒಬ್ಬರು, ಸಂಘಟಕರಾದ ನಾವು ಮೂವರು. 42 ಶಿಕ್ಷಕರಲ್ಲಿ 11 ಮಂದಿಗೆ ಕಿವಿ ಕೇಳಿಸುವುದಿಲ್ಲ, ಇನ್ನು ನಾಲ್ವರು ಶ್ರವಣ ಸಾಧನ ಬಳಸುತ್ತಾರೆ. ಇಬ್ಬರು ಗಾಲಿಕುರ್ಚಿಯಲ್ಲಿ ಬರುತ್ತಾರೆ. ಅಂತಿಮ ಸಂಖ್ಯೆಯನ್ನು ಮಾರ್ಚ್ 6ರಂದು ತಿಳಿಸುತ್ತೇನೆ; ಎರಡು ಮೂರು ಜನ ಹೆಚ್ಚು ಕಡಿಮೆ ಆಗಬಹುದು, ಅದಕ್ಕಿಂತ ಹೆಚ್ಚಿನ ವ್ಯತ್ಯಾಸ ಇರುವುದಿಲ್ಲ.

ಆಸನಗಳ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಈ ತರಬೇತಿ ನಡೆಯುವುದೂ ಕೆಡುವುದೂ ಅದರ ಮೇಲೆಯೇ. ಸಾಲುಸಾಲಾಗಿ ಕುರ್ಚಿ ಹಾಕಿದರೆ ಹಿಂದಿನ ಸಾಲಿನವರಿಗೆ ಮುಂದಿನವರ ಬೆನ್ನು ಮಾತ್ರ ಕಾಣಿಸುತ್ತದೆ. ಕಿವಿ ಕೇಳುವವರಿಗೆ ಅದರಿಂದ ನಷ್ಟವಿಲ್ಲ. ಸನ್ನೆಯಲ್ಲಿ ಮಾತನಾಡುವವರಿಗೆ ಬೆನ್ನು ಕಂಡರೆ ಮಾತೇ ನಿಂತಂತೆ. ಮುಂದೆ ಕುಳಿತವರು ಪ್ರಶ್ನೆ ಕೇಳಿದರೂ ಹಿಂದಿನವರಿಗೆ ತಿಳಿಯುವುದೇ ಇಲ್ಲ. ಆದ್ದರಿಂದ ಅರ್ಧವೃತ್ತಾಕಾರದ ಎರಡು ಸಾಲು ಬೇಕು: ಮುಂದೆ 16 ಕುರ್ಚಿ, ಹಿಂದೆ 24. ಮುಂದಿನ ಎರಡು ಕುರ್ಚಿಗಳ ನಡುವಿನ ಸಂದಿಗೆ ನೇರವಾಗಿ ಹಿಂದಿನ ಕುರ್ಚಿ ಬರಲಿ. ಗಾಲಿಕುರ್ಚಿಗಳಿಗೆ ಮುಂದಿನ ಸಾಲಿನಲ್ಲಿಯೇ, ಉಳಿದವರ ಜೊತೆಯಲ್ಲಿಯೇ, ತಲಾ 90 ಸೆಂಟಿಮೀಟರ್ ಅಗಲದ ಎರಡು ಜಾಗ ಬಿಡಿ. ದಯವಿಟ್ಟು ಬಾಗಿಲ ಬಳಿಯ ಮೂಲೆಯಲ್ಲಿ ಬೇಡ. ನಡುವೆ 1.2 ಮೀಟರ್ ದಾರಿ ಇರಲಿ.

ಕೈಹಿಡಿ ಇಲ್ಲದ ಕುರ್ಚಿಗಳೇ ಆಗಬೇಕು. ನಿಮ್ಮ ಉಗ್ರಾಣದಲ್ಲಿ ಮೆತ್ತೆಯ ಆಸನದ, ಕೈಹಿಡಿ ಇಲ್ಲದ ಕುರ್ಚಿಗಳನ್ನು ನೋಡಿದೆ, ಅವು ಸರಿಯಾಗಿವೆ. ಸನ್ನೆ ಮಾಡುವಾಗ ಮೊಣಕೈ ಎರಡೂ ಬದಿಗೆ ಚಾಚುತ್ತದೆ, ಕುರ್ಚಿಯ ಕೈಹಿಡಿ ಅಡ್ಡ ಬರುತ್ತದೆ. ಶಿಕ್ಷಕರಿಗೆ ಮೇಜುಗಳು ಬೇಡ. ದುಭಾಷಿಯ ಕೈಗಳನ್ನು ನೋಡುತ್ತಿರುವವರು ತಲೆತಗ್ಗಿಸಿ ಬರೆದುಕೊಳ್ಳಲು ಆಗುವುದಿಲ್ಲ, ಆದ್ದರಿಂದ ಟಿಪ್ಪಣಿಗಳನ್ನು ನಾವು ಮೊದಲೇ ಮುದ್ರಿಸಿ ಕೊಡುತ್ತಿದ್ದೇವೆ. ನೋಂದಣಿಗೆ ಬಾಗಿಲ ಬಳಿ ಒಂದು, ಬೆರಳಚ್ಚು ಮಾಡುವವರಿಗೆ ಒಂದು, ಹೀಗೆ ಎರಡು ಮೇಜು ಸಾಕು.

ಒಂದು ವಿಶೇಷ ಮನವಿ. ನಿಮ್ಮ ವೇದಿಕೆಯ ಹಿಂದೆ ದೊಡ್ಡ ಕಿಟಕಿಗಳಿವೆ. ಬೆಳಕು ಹಿಂದಿನಿಂದ ಬಂದರೆ ನಿಂತವರ ಮುಖ ಕಪ್ಪಾಗಿ, ತುಟಿಯ ಚಲನೆ ಕಾಣದಾಗುತ್ತದೆ. ತುಟಿ ನೋಡಿ ಮಾತು ಗ್ರಹಿಸುವವರು ನಮ್ಮಲ್ಲಿ ಹಲವರಿದ್ದಾರೆ. ಹಾಗಾಗಿ ವೇದಿಕೆಯನ್ನು ಬಿಟ್ಟು, ಕಿಟಕಿ ಇಲ್ಲದ 12 ಮೀಟರ್ ಉದ್ದದ ಗೋಡೆಯನ್ನೇ ಮುಂಭಾಗ ಮಾಡಿಕೊಳ್ಳಲು ಅನುಮತಿ ಕೊಡಿ. ಅತ್ತ 9 ಮೀಟರ್ ಆಳ ಸಿಗುತ್ತದೆ. ಹಿಂದಿನ ಸಾಲಿನ ಅರ್ಧವೃತ್ತ ಸುಮಾರು 10 ಮೀಟರ್ ಅಗಲ ಹಿಡಿಯುತ್ತದೆ, ಎರಡೂ ಬದಿಗೆ ಒಂದೊಂದು ಮೀಟರ್ ಉಳಿಯುತ್ತದೆ. ಲೆಕ್ಕ ಹಾಕಿ ನೋಡಿದ್ದೇನೆ.

ಉಪಕರಣಗಳಲ್ಲಿ ನಿಮ್ಮಿಂದ ಬೇಕಾದವು ಇವು: ಪ್ರೊಜೆಕ್ಟರ್ ಮತ್ತು ಪರದೆ, ಬೆರಳಚ್ಚಾದ ಮಾತನ್ನು ತೋರಿಸಲು ಕಾಲುಗಳ ಮೇಲೆ ನಿಲ್ಲುವ ಒಂದು ದೊಡ್ಡ ಟಿವಿ, ಎರಡಕ್ಕೂ ಉದ್ದನೆಯ ಎಚ್‌ಡಿಎಂಐ ಕೇಬಲ್, ಎರಡು ಕಾರ್ಡ್‌ಲೆಸ್ ಮೈಕ್, ಅಂಗಿಗೆ ಸಿಕ್ಕಿಸುವ ಒಂದು ಮೈಕ್, ಅವುಗಳಿಗೆ ಹೆಚ್ಚುವರಿ ಬ್ಯಾಟರಿ, ಮುಂಭಾಗದಲ್ಲಿ ಕನಿಷ್ಠ ನಾಲ್ಕು ಪ್ಲಗ್ ಪಾಯಿಂಟ್. ದುಭಾಷಿ ನಿಲ್ಲಲು ಸುಮಾರು 30 ಸೆಂಟಿಮೀಟರ್ ಎತ್ತರದ ಸಣ್ಣ ಕಟ್ಟೆ ಇದ್ದರೆ ಹಿಂದಿನ ಸಾಲಿಗೂ ಕೈಗಳು ಪೂರ್ತಿ ಕಾಣುತ್ತವೆ. ಅವರ ಹಿಂದೆ ಕಟ್ಟಲು ಕಡುನೀಲಿಯ ಬಟ್ಟೆಯನ್ನು ನಾವೇ ತರುತ್ತೇವೆ, ಅದನ್ನು ತೂಗುಹಾಕುವ ಸ್ಟ್ಯಾಂಡ್ ಮಾತ್ರ ಕೊಡಿ. ದುಭಾಷಿಗಳು ಸುಮಾರು 20 ನಿಮಿಷಕ್ಕೊಮ್ಮೆ ಬದಲಾಗುತ್ತಾರೆ, ಆದ್ದರಿಂದ ಕಟ್ಟೆಗೆ ಎದುರಾಗಿ, ಮುಂದಿನ ಸಾಲಿಗೆ ಅಡ್ಡವಾಗದಂತೆ ಇನ್ನೊಬ್ಬರಿಗೆ ಒಂದು ಕುರ್ಚಿ ಬೇಕು.

ನಿಮ್ಮಲ್ಲಿ ಇಂಡಕ್ಷನ್ ಲೂಪ್ ಇದೆಯೇ ಎಂಬುದನ್ನು ದಯವಿಟ್ಟು ಖಚಿತಪಡಿಸಿ. ಇದ್ದರೆ ಟೆಲಿಕಾಯಿಲ್ ಇರುವ ಶ್ರವಣ ಸಾಧನಗಳಿಗೆ ಮೈಕಿನ ಧ್ವನಿ ನೇರವಾಗಿ ತಲುಪುತ್ತದೆ, ಸಭಾಂಗಣದ ಗದ್ದಲ ನಡುವೆ ಸೇರುವುದಿಲ್ಲ. ಇಲ್ಲದಿದ್ದರೆ ನಾವು ರಿಸೀವರ್‌ಗಳ ಸೆಟ್ ತರುತ್ತೇವೆ. ನಿಮ್ಮ ಮಿಕ್ಸರಿನಿಂದ ಒಂದು ಆಡಿಯೊ ಲೈನ್ ಸಿಕ್ಕರೆ ಸಾಕು.

ಇನ್ನು ದೀಪಗಳ ವಿಷಯ. ಹಿಂದೊಮ್ಮೆ ಬೇರೊಂದು ಸಭಾಂಗಣದಲ್ಲಿ ಚಿತ್ರಗಳು ಸ್ಪಷ್ಟವಾಗಿ ಕಾಣಲೆಂದು ಯಾರೋ ಸದುದ್ದೇಶದಿಂದಲೇ ಎಲ್ಲ ದೀಪಗಳನ್ನೂ ಆರಿಸಿದರು. ಮೈಕಿನಲ್ಲಿ ಮಾತು ಮುಂದುವರಿಯಿತು. ಮುಂದಿನ ಸಾಲಿನಲ್ಲಿದ್ದ ಹಿರಿಯ ಶಿಕ್ಷಕಿಯೊಬ್ಬರು ಸ್ವಲ್ಪ ಹೊತ್ತು ಕಣ್ಣು ಕಿರಿದುಮಾಡಿ ಕತ್ತಲಲ್ಲಿ ದುಭಾಷಿಯ ಕೈಗಳನ್ನು ಹುಡುಕಿದರು. ಆಮೇಲೆ ಪುಸ್ತಕ ಮುಚ್ಚಿ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕುಳಿತರು. ನಾನು ಸ್ವಿಚ್ ಹುಡುಕಿ ಹಾಕುವಷ್ಟರಲ್ಲಿ ಹತ್ತು ನಿಮಿಷ ಕಳೆದಿತ್ತು. ಆ ಮುಚ್ಚಿದ ಪುಸ್ತಕ ನನಗೆ ಇನ್ನೂ ಮರೆತಿಲ್ಲ. ಆದ್ದರಿಂದ ಪರದೆಯ ಮೇಲಿನ ದೀಪವೊಂದನ್ನು ಬಿಟ್ಟು ಬೇರೆ ಯಾವುದನ್ನೂ ದಿನವಿಡೀ ಆರಿಸಬಾರದು. ದುಭಾಷಿಯ ಮೇಲೆ ಎರಡು ಬದಿಯಿಂದ, ಓರೆಯಾಗಿ ಮುಂದಿನಿಂದ ಬೆಳಕು ಬೀಳಬೇಕು; ನೆತ್ತಿಯ ಮೇಲಿನಿಂದ ಮಾತ್ರ ಬಿದ್ದರೆ ಕಣ್ಣು, ತುಟಿಗಳ ಮೇಲೆ ನೆರಳು ಕೂರುತ್ತದೆ.

ಬೆಂಕಿಯ ಎಚ್ಚರಿಕೆಗೆ ನಿಮ್ಮಲ್ಲಿ ಗಂಟೆ ಇರುವುದನ್ನು ನೋಡಿದೆ. ಮಿನುಗುವ ದೀಪವೂ ಇದೆಯೇ? ಶೌಚಾಲಯಗಳಲ್ಲಿಯೂ ಇದೆಯೇ? ಇಲ್ಲವಾದರೆ ಅಲ್ಲಿರುವವರಿಗೆ ಹೋಗಿ ತಿಳಿಸುವ ಹೊಣೆಯನ್ನು ನಮ್ಮವರೊಬ್ಬರಿಗೆ ಮೊದಲೇ ವಹಿಸುತ್ತೇನೆ. ಉತ್ತರ ಏನೇ ಇರಲಿ, ನನಗೆ ತಿಳಿದಿರಬೇಕು.

ಶುಕ್ರವಾರದ ಎರಡು ಗಂಟೆಯಲ್ಲಿ ಕುರ್ಚಿ, ಕಟ್ಟೆ, ಬಟ್ಟೆ ಜೋಡಿಸಿ, ದೀಪ ಮತ್ತು ಧ್ವನಿಯನ್ನು ಪರೀಕ್ಷಿಸುತ್ತೇವೆ. ಕುರ್ಚಿ ಸಾಗಿಸಲು ನಿಮ್ಮ ಇಬ್ಬರು ಸಿಬ್ಬಂದಿ ಮತ್ತು ವಿದ್ಯುತ್ ಕೆಲಸ ಬಲ್ಲವರೊಬ್ಬರು ಆ ಹೊತ್ತಿನಲ್ಲಿ ಇದ್ದರೆ ಅನುಕೂಲ. ಅರ್ಧವೃತ್ತದ ಎರಡೂ ತುದಿಯ ಕುರ್ಚಿಗಳಲ್ಲಿ ಕುಳಿತು, ಅಲ್ಲಿಂದ ದುಭಾಷಿ, ಪರದೆ, ಟಿವಿ ಮೂರೂ ಕಾಣುತ್ತವೆಯೇ ಎಂದು ನೋಡಿದ ಮೇಲೆಯೇ ನಾನು ಹೊರಡುವುದು. ಆ ರಾತ್ರಿ ಸಭಾಂಗಣವನ್ನು ಬೇರೆಯವರಿಗೆ ಕೊಡದೆ, ಜೋಡಣೆ ಹಾಗೆಯೇ ಉಳಿಯುವಂತೆ ಬೀಗ ಹಾಕಿಡಲು ಸಾಧ್ಯವೇ? ಸಾಧ್ಯವಿಲ್ಲದಿದ್ದರೆ ಶನಿವಾರ 7.30ರ ಬದಲು 6.30ಕ್ಕೆ ಬಾಗಿಲು ತೆರೆಯಬೇಕಾಗುತ್ತದೆ. ಶಿಕ್ಷಕರು 9ಕ್ಕೆ ಬರತೊಡಗುತ್ತಾರೆ.

ಊಟಕ್ಕೆ ಪಕ್ಕದ ಕೊಠಡಿಯನ್ನು ಮಧ್ಯಾಹ್ನ 12.30ರಿಂದ 2ರವರೆಗೆ ಬಳಸುತ್ತೇವೆ, ಊಟದ ವ್ಯವಸ್ಥೆ ನಮ್ಮದೇ.

ಬಾಡಿಗೆ, ಶುಕ್ರವಾರದ ಎರಡು ಗಂಟೆಯ ಶುಲ್ಕ, ಉಪಕರಣಗಳ ದರ, ತೆರಿಗೆ ಇವನ್ನು ಬೇರೆಬೇರೆಯಾಗಿ ತೋರಿಸಿದ ದರಪಟ್ಟಿ ಕಳುಹಿಸಿ. ಮುಂಗಡ ಎಷ್ಟು, ರದ್ದುಮಾಡಿದರೆ ನಿಯಮವೇನು ಎಂಬುದನ್ನೂ ಬರೆಯಿರಿ. ಇದೇ ಶುಕ್ರವಾರ, ಫೆಬ್ರುವರಿ 20ರೊಳಗೆ ಉತ್ತರ ಬಂದರೆ ಸೋಮವಾರವೇ ಮುಂಗಡ ಪಾವತಿಸುತ್ತೇನೆ. ಅಲ್ಲಿಯವರೆಗೆ ಆ ಎರಡು ದಿನಗಳನ್ನು ನಮಗಾಗಿ ಹಿಡಿದಿಡಬೇಕೆಂದು ಕೋರುತ್ತೇನೆ.

ಆಸನಗಳ ನಕ್ಷೆಯನ್ನು ಕೈಯಲ್ಲೇ ಬರೆದು, ಫೋಟೊ ತೆಗೆದು ಲಗತ್ತಿಸಿದ್ದೇನೆ. ಅದರಲ್ಲಿ ಯಾವುದಾದರೂ ನಿಮ್ಮ ಜಾಗಕ್ಕೆ ಹೊಂದದಿದ್ದರೆ ಈ ಇಮೇಲ್‌ಗೇ ಉತ್ತರಿಸಿ, ಮತ್ತೊಮ್ಮೆ ಬಂದು ನಿಮ್ಮೊಂದಿಗೆ ಅಳತೆ ನೋಡಲು ಸಿದ್ಧಳಿದ್ದೇನೆ.

ಇಂತಿ ವಂದನೆಗಳೊಂದಿಗೆ,
ಶೈಲಜಾ
ತರಬೇತಿ ಸಂಯೋಜಕಿ

ಲಗತ್ತು: ಆಸನಗಳ ನಕ್ಷೆ