ನಾಲ್ಕನೇ ಪ್ರಶ್ನೆಯ ಬಾಣಗಳು

ಬಿ.ಎಸ್ಸಿ. ನಾಲ್ಕನೇ ಸೆಮಿಸ್ಟರ್, ಬಿ ಬ್ಯಾಚಿನ ಎಲ್ಲರಿಗೂ,

ಶನಿವಾರದ ಟೆಸ್ಟ್ ಪೇಪರುಗಳನ್ನು ನೋಡಿ ಮುಗಿಸಿದೆ. ನಾಲ್ಕನೇ ಪ್ರಶ್ನೆ ನೆನಪಿದೆಯಲ್ಲ? ಅಸಿಟಿಕ್ ಆಸಿಡ್, ಮೆಥನಾಲ್, ಒಂದಿಷ್ಟು ಸಲ್ಫ್ಯೂರಿಕ್ ಆಸಿಡ್. ಕೊನೆಗೆ ಮೀಥೈಲ್ ಅಸಿಟೇಟ್ ಬರುತ್ತದೆ ಅನ್ನುವುದು ಹೆಚ್ಚುಕಮ್ಮಿ ಎಲ್ಲರಿಗೂ ಗೊತ್ತಿತ್ತು. ತೊಂದರೆಯೂ ಅದೇ. ಊರು ಗೊತ್ತಿದೆ ಅಂತ ದಾರಿಯನ್ನು ಮನಸ್ಸಿಗೆ ಬಂದಂತೆ ಗೀಚಿದ್ದೀರಿ.

ಬಾಣ ತೋರಿಸುವುದು ಎಲೆಕ್ಟ್ರಾನ್ ಜೋಡಿ ಎಲ್ಲಿಂದ ಎಲ್ಲಿಗೆ ಹೋಯಿತು ಅನ್ನುವುದನ್ನು. ಪರಮಾಣು ಎಲ್ಲಿಗೆ ಹೋಯಿತು ಅನ್ನುವುದನ್ನಲ್ಲ. ಮೊದಲ ಹಂತದಲ್ಲೇ ಅರ್ಧ ಕ್ಲಾಸು ಎಡವಿದ್ದು ಇಲ್ಲಿ: H⁺ನಿಂದ ಬಾಣ ಹೊರಟು ಆಕ್ಸಿಜನ್‌ಗೆ ಬಂದಿದೆ. H⁺ ಹತ್ತಿರ ಒಂದೂ ಎಲೆಕ್ಟ್ರಾನ್ ಇಲ್ಲ. ಖಾಲಿ ಜೇಬಿನವನು ಸಾಲ ಕೊಡುವುದುಂಟೇ? ಬಾಣದ ಬಾಲ ಆಕ್ಸಿಜನ್ನಿನ ಲೋನ್ ಪೇರ್ ಮೇಲಿರಬೇಕು, ಮೊನೆ H ಕಡೆಗೆ. ಕೊನೆಯ ಹಂತದಲ್ಲೂ ಇದೇ ಕತೆ, H ಹಾರಿಹೋಗುವಂತೆ ಹೊರಗೆ ಒಂದು ಬಾಣ. ಅಲ್ಲಿ ಎರಡು ಬಾಣ ಬೇಕು: ಪ್ರೋಟಾನ್ ಎತ್ತಿಕೊಳ್ಳುವ ಮೆಥನಾಲಿನ ಲೋನ್ ಪೇರ್‌ನಿಂದ H ಕಡೆಗೆ ಒಂದು, O–H ಬಾಂಡಿನ ನಡುವಿನಿಂದ ಆ O ಕಡೆಗೆ ಇನ್ನೊಂದು.

ಪ್ರೋಟಾನ್ ಹತ್ತಬೇಕಾದದ್ದು C=O ಆಕ್ಸಿಜನ್ ಮೇಲೆ. ಅಲ್ಲಿ ಪ್ಲಸ್ ಚಾರ್ಜನ್ನು ಇಂಗಾಲವೂ ಇನ್ನೊಂದು ಆಕ್ಸಿಜನ್ನೂ ಹಂಚಿಕೊಳ್ಳುತ್ತವೆ. –OH ಮೇಲೆ ಹತ್ತಿಸಿದರೆ ಹಂಚಿಕೊಳ್ಳುವವರಿಲ್ಲ.

ಮೆಥನಾಲ್ ಬಂದು ಕೂಡುವ ಹಂತದ ಮೇಲೆ ಸ್ವಲ್ಪ ಹೊತ್ತು ಕಳೆಯೋಣ. ಸುಮಾರು ಜನ ಲೋನ್ ಪೇರ್‌ನಿಂದ ಕಾರ್ಬನೈಲ್ ಇಂಗಾಲಕ್ಕೆ ಬಾಣ ಸರಿಯಾಗಿಯೇ ಎಳೆದು, ಅಲ್ಲಿಗೇ ಬಿಟ್ಟಿದ್ದಾರೆ. C=O ತೆರೆದೇ ಇಲ್ಲ. ಆ ಇಂಗಾಲದ ಸುತ್ತ ಎಣಿಸಿ: CH₃ಗೆ ಒಂದು, OHಗೆ ಒಂದು, C=Oಗೆ ಎರಡು, ಹೊಸದೊಂದು. ಐದು! ಒಬ್ಬರಂತೂ ಫಾರ್ಮಲ್ ಚಾರ್ಜ್ ಸೂತ್ರ ಹಾಕಿ 4 − 0 − 5 = −1 ಎಂದು ಇಂಗಾಲದ ಮೇಲೆ ಶ್ರದ್ಧೆಯಿಂದ ಮೈನಸ್ ಬರೆದಿದ್ದಾರೆ. ಕೂಡಿ ಕಳೆದದ್ದು ಸರಿ, ಇಂಗಾಲ ತಪ್ಪು. ಸೂತ್ರ ಯಾರನ್ನೂ ಬೈಯುವುದಿಲ್ಲ, ಹಾಕಿದ್ದಕ್ಕೆ ಉತ್ತರ ಕೊಡುತ್ತದೆ ಅಷ್ಟೆ. ಆದ್ದರಿಂದ C, N, O ಯಾವುದೇ ಇರಲಿ, ಮೊದಲು ಎಂಟು ಮೀರಿಲ್ಲವೇ ನೋಡಿ, ಆಮೇಲೆ ಚಾರ್ಜ್ ಲೆಕ್ಕ.

ಲೆಕ್ಕ ಹೀಗೆ: ವೇಲೆನ್ಸ್ ಎಲೆಕ್ಟ್ರಾನ್‌ಗಳಲ್ಲಿ ಲೋನ್ ಪೇರ್ ಎಲೆಕ್ಟ್ರಾನ್‌ಗಳನ್ನು ಕಳೆಯಿರಿ, ಬಾಂಡ್‌ಗಳ ಸಂಖ್ಯೆಯನ್ನೂ ಕಳೆಯಿರಿ. ಕೂಡಿಕೊಂಡ ಮೆಥನಾಲಿನ ಆಕ್ಸಿಜನ್‌ಗೆ ಮೂರು ಬಾಂಡ್, ಒಂದು ಲೋನ್ ಪೇರ್: 6 − 2 − 3 = +1. ಈ ಪ್ಲಸ್ ಹನ್ನೊಂದು ಪೇಪರುಗಳಲ್ಲಿ ನಾಪತ್ತೆ. ಕಾರಣ ಬೇರೇನಲ್ಲ, ಲೋನ್ ಪೇರ್ ಬರೆಯಲು ಸೋಮಾರಿತನ. ನಾನೂ ಓದುವಾಗ ಹಾಗೇ ಮಾಡಿ ಅಂಕ ಕಳೆದುಕೊಂಡವನೇ, ಅದಕ್ಕೇ ಹೇಳುತ್ತಿದ್ದೇನೆ.

ಸೂತ್ರ ಹಾಕದೆಯೂ ನೋಡಬಹುದು. ಒಂದರ ಹಿಂದೊಂದು ಬಾಣಗಳ ಸಾಲಿದ್ದರೆ, ಲೋನ್ ಪೇರ್ ಕೊಟ್ಟು ಸಾಲು ಶುರುಮಾಡಿದ ಪರಮಾಣುವಿನ ಚಾರ್ಜ್ ಒಂದು ಏರುತ್ತದೆ, ಕೊನೆಯಲ್ಲಿ ಜೋಡಿ ಪಡೆದದ್ದರ ಚಾರ್ಜ್ ಒಂದು ಇಳಿಯುತ್ತದೆ, ನಡುವಿನವು ಇದ್ದ ಹಾಗೇ. ಇಲ್ಲಿ ಮೆಥನಾಲಿನ O ಸೊನ್ನೆಯಿಂದ +1ಕ್ಕೆ, ಪ್ರೋಟಾನ್ ಹೊತ್ತಿದ್ದ O +1ರಿಂದ ಸೊನ್ನೆಗೆ, ಇಂಗಾಲ ಮೊದಲೂ ಸೊನ್ನೆ ಆಮೇಲೂ ಸೊನ್ನೆ. ಒಟ್ಟು +1, ಹಿಂದಿನ ಹಂತದಲ್ಲಿ ಇದ್ದಷ್ಟೇ. ಯಾವ ಹಂತದಲ್ಲಾದರೂ ಈ ಒಟ್ಟು ಬದಲಾದರೆ ಒಂದೋ ಬಾಣ ಬಿಟ್ಟುಹೋಗಿದೆ, ಇಲ್ಲವೇ ಚಾರ್ಜ್.

ಚಾರ್ಜ್ ಎಲ್ಲ ತಾಳೆಯಾದರೂ ತಪ್ಪಬಹುದು. ಮೂವರು CH₃O⁻ ಬಳಸಿದ್ದೀರಿ. ಸಲ್ಫ್ಯೂರಿಕ್ ಆಸಿಡ್ ಹಾಕಿದ ಪಾತ್ರೆಯಲ್ಲಿ ಮೆಥಾಕ್ಸೈಡ್ ಎಲ್ಲಿಂದ ಬರಬೇಕು? ಮೆಥನಾಲಿನ pKa ಸುಮಾರು 15.5. ಆಸಿಡ್ ಇದ್ದಲ್ಲಿ ಪ್ಲಸ್ ಮತ್ತು ಸೊನ್ನೆ ಮಾತ್ರ ಓಡಾಡಲಿ. HO⁻ ಹೊರಗೆ ಹೋಗುವಂತೆ ಬರೆದವರಿಗೂ ಇದೇ ಮಾತು: ಅದಕ್ಕೆ ಪ್ರೋಟಾನ್ ಕೊಟ್ಟು ನೀರಾಗಿ ಕಳಿಸಿ.

ಇನ್ನೊಂದು ಸಣ್ಣದು. ಮೈನಸ್ ಗುರುತಿನಿಂದಲೇ ಬಾಣ ಹೊರಡಿಸಿದವರ ಅಂಕ ಕಡಿದಿಲ್ಲ, ಹಾಗೆ ಬರೆಯುವ ಪುಸ್ತಕಗಳಿವೆ. ನಮ್ಮ ಕ್ಲಾಸಿನಲ್ಲಿ ಮಾತ್ರ ಎರಡು ಚುಕ್ಕೆ ಇಟ್ಟು ಅಲ್ಲಿಂದಲೇ ಎಳೆಯಿರಿ.

ಗುರುವಾರದ ಟ್ಯುಟೋರಿಯಲ್‌ಗೆ ನಾಲ್ಕನೇ ಪ್ರಶ್ನೆಯನ್ನು ಪೆನ್ಸಿಲ್‌ನಲ್ಲಿ ಮತ್ತೆ ಬರೆದು ತನ್ನಿ. ಪ್ರತಿ ಆಕ್ಸಿಜನ್‌ಗೂ ಲೋನ್ ಪೇರ್ ಇರಲಿ, ಪ್ರತಿ ಹಂತದ ಕೆಳಗೆ ಒಟ್ಟು ಚಾರ್ಜ್ ಬರೆದಿರಲಿ. ಅದಾದ ಮೇಲೆ ಅದೇ ಎಸ್ಟರನ್ನು NaOHನಲ್ಲಿ ಒಡೆಯುವ ಮೆಕ್ಯಾನಿಸಂ ಪ್ರಯತ್ನಿಸಿ. Na⁺ ಬಿಟ್ಟು ಎಣಿಸಿದರೆ ಅಲ್ಲಿ ಒಟ್ಟು ಚಾರ್ಜ್ ಮೊದಲಿಂದ ಕೊನೆಯತನಕ −1. ಎಲ್ಲಾದರೂ H⁺ ಒಂಟಿಯಾಗಿ ಕಂಡರೆ ಅಲ್ಲೇ ನಿಲ್ಲಿಸಿ, ಪೇಪರನ್ನು ಹಾಗೇ ತನ್ನಿ, ಬೋರ್ಡ್ ಮೇಲೆ ಒಟ್ಟಿಗೆ ನೋಡೋಣ.